ಸಭೆಗೆ ದಿನ ಗೊತ್ತು ಮಾಡುವ ಮೊದಲು ತೀರ್ವೆ ರಶೀದಿ ನೋಡಿ

ನಮ್ಮ ಊರುಗಳಲ್ಲಿ ಸಭೆಗಳಿಗೆ ಬರಗಾಲವಿಲ್ಲ. ರಸ್ತೆಗೆ ಸಭೆ, ಚರಂಡಿಗೆ ಸಭೆ, ದಾರಿದೀಪಕ್ಕೆ ಸಭೆ. ವಾಟ್ಸಾಪಿನಲ್ಲಿ ದಿನ ಹೇಳುತ್ತಾರೆ, ಕುರ್ಚಿ ಬರುತ್ತದೆ, ಚಹಾ ಬರುತ್ತದೆ, ಎಲ್ಲರೂ ಮಾತಾಡುತ್ತಾರೆ. ಕೊನೆಗೆ ಒಬ್ಬರು ಎದ್ದು "ನಾನು ಅವರಿಗೆ ಹೇಳಿ ನೋಡುತ್ತೇನೆ" ಎನ್ನುತ್ತಾರೆ. ಅಲ್ಲಿಗೆ ಸಭೆ ಮುಗಿಯುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ.

ಆ ಒಂದು ವಾಕ್ಯವನ್ನು ಸ್ವಲ್ಪ ನಿಧಾನವಾಗಿ ಕೇಳಿ ನೋಡಿ. "ಅವರಿಗೆ ಹೇಳಿ ನೋಡುತ್ತೇನೆ" ಅಂದರೆ ನಿರ್ಧಾರ ಮಾಡಬೇಕಾದ "ಅವರು" ಸಭೆಯಲ್ಲಿ ಇರಲಿಲ್ಲ ಎಂದರ್ಥ. ಎರಡು ಗಂಟೆ ನಾವು ಮಾತಾಡಿದ್ದು ಹೌದು ಅಥವಾ ಅಲ್ಲ ಎನ್ನುವ ಅಧಿಕಾರವೇ ಇಲ್ಲದವರ ಜೊತೆ. ನನ್ನ ಅಭಿಪ್ರಾಯ ಇಷ್ಟೇ: ಯಾರ ಸಹಿ ಬಿದ್ದರೆ ಈ ಕೆಲಸ ಆಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಭೆಗೆ ದಿನ ಗೊತ್ತು ಮಾಡಬಾರದು. ಉತ್ತರ ಸಿಕ್ಕಿದ ಮೇಲೆ ಅವರ ಪುರುಸೊತ್ತಿಗೆ ತಕ್ಕಂತೆ ದಿನ ಇಡಬೇಕು, ನಮ್ಮದಕ್ಕಲ್ಲ.

ಇದು ಕೇಳಲು ಸುಲಭ. ಆದರೆ ನಿರ್ಧಾರ ಮಾಡುವವರು ಯಾರು ಎಂದು ಕಂಡುಹಿಡಿಯುವುದು ಅಷ್ಟು ಸುಲಭವಲ್ಲ. ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರೇ ಎಂದು ನಾವು ತಿಳಿದುಕೊಳ್ಳುತ್ತೇವೆ. ಹಾಗಾಗಿ ನಮ್ಮ ವಾರ್ಡಿನ ಒಂದು ರಸ್ತೆಯ ಕಥೆಯನ್ನೇ ಹೇಳುತ್ತೇನೆ. ಕಾಸರಗೋಡಿನ ಈ ಕಡೆ ಇಂಥ ರಸ್ತೆ ಇಲ್ಲದ ವಾರ್ಡು ಕಡಿಮೆ.

ಗುಡ್ಡದ ಮೇಲೆ 23 ಮನೆಗಳು. ಕೆಳಗಿನ ಪಂಚಾಯತು ರಸ್ತೆಯಿಂದ ಅಲ್ಲಿಗೆ ಸುಮಾರು 180 ಮೀಟರ್ ಕಾಲುದಾರಿ, ಅಗಲ ನಾಲ್ಕು ಅಡಿ. ಆಟೋ ಹೋಗುವುದಿಲ್ಲ. ಮೇಲಿನ ಒಂದು ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಒಬ್ಬರಿದ್ದರು. ವಾರಕ್ಕೆ ಎರಡು ಸಲ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಕೆಳಗೆ ಹೊತ್ತು ತರಬೇಕು, ಮತ್ತೆ ಮೇಲೆ ಹೊತ್ತು ಒಯ್ಯಬೇಕು. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಹೊರುವವರ ಕಾಲು ಜಾರುತ್ತಿತ್ತು. ದಾರಿ ಹತ್ತು ಅಡಿ ಆದರೆ ಆಟೋ, ಆಂಬುಲೆನ್ಸ್ ಎರಡೂ ಬರುತ್ತವೆ. ಅದಕ್ಕೆ ದಾರಿಯ ಪಕ್ಕದ ಮೂರು ಜಾಗದವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಮೂರೂ ಸೇರಿದರೆ ಒಟ್ಟು ಎಂಟು ಹತ್ತು ಸೆಂಟ್ಸ್ ಜಾಗ.

ಇದಕ್ಕೆ 14 ತಿಂಗಳಲ್ಲಿ ನಾಲ್ಕು ಸಭೆಗಳಾದವು. ನಾಲ್ಕರಲ್ಲೂ ನಾನಿದ್ದೆ, ಕೊನೆಯ ಎರಡಕ್ಕೆ ಪುಸ್ತಕದಲ್ಲಿ ನಡಾವಳಿ ಬರೆದದ್ದೂ ನಾನೇ. ವಾರ್ಡು ಮೆಂಬರ್ ಬಂದಿದ್ದರು, ಕ್ಲಬ್ಬಿನ ಹುಡುಗರು ಬಂದಿದ್ದರು, ಮೇಲಿನ ಮನೆಗಳ ಗಂಡಸರು ಬಂದಿದ್ದರು. ಮೊದಲ ಜಾಗದವರು ಮೊದಲ ಸಭೆಯಲ್ಲೇ "ನನ್ನದು ತಗೊಳ್ಳಿ" ಎಂದುಬಿಟ್ಟರು. ಎರಡನೆಯ ಜಾಗದ ಮನೆಯಿಂದ ಒಬ್ಬರು ಬಂದು ಪ್ರತಿ ಸಲ "ನೋಡುವಾ" ಎನ್ನುತ್ತಿದ್ದರು. ಮೂರನೆಯ ಜಾಗದ ಮನೆಯ ದೊಡ್ಡ ಮಗ ಬಂದು "ನಮ್ಮದೇನೂ ತಕರಾರಿಲ್ಲ" ಎಂದು ಹೇಳಿ ಹೋಗುತ್ತಿದ್ದರು. ಆದರೆ ಕಾಗದ ಮುಂದಿಟ್ಟರೆ ಸಹಿ ಹಾಕುತ್ತಿರಲಿಲ್ಲ. ಹೊರಗೆ ಬಂದ ಮೇಲೆ ಜನ ಅವರ ಬಗ್ಗೆ ಏನೇನೋ ಮಾತಾಡಿಕೊಂಡರು. ನಾಲ್ಕನೆಯ ಸಭೆ ಜಗಳದಲ್ಲೇ ಮುಗಿಯಿತು.

ಆಮೇಲೆ ವಿಲೇಜ್ ಆಫೀಸಿನಿಂದ ನಿವೃತ್ತರಾದ ನಮ್ಮ ನೆರೆಯವರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಆ ಮೂರು ಜಾಗದ ತೀರ್ವೆ ರಶೀದಿಯಲ್ಲಿ ಯಾರ ಹೆಸರಿದೆ?" ನಾಲ್ಕು ಸಭೆಗಳಲ್ಲಿ ಈ ಪ್ರಶ್ನೆ ಬಂದಿರಲೇ ಇಲ್ಲ.

ರಶೀದಿಗಳನ್ನು ನೋಡಿದಾಗ ಎಲ್ಲವೂ ಸ್ಪಷ್ಟವಾಯಿತು. ಮೊದಲನೆಯದು ಒಪ್ಪಿದವರ ಹೆಸರಲ್ಲೇ ಇತ್ತು. ಎರಡನೆಯದು "ನೋಡುವಾ" ಎನ್ನುತ್ತಿದ್ದವರ ಹೆಸರಲ್ಲಿ ಇರಲಿಲ್ಲ. ಅವರು ಆ ಮನೆಯ ಅಳಿಯ, ಜಾಗ ದುಬೈಯಲ್ಲಿರುವ ಭಾವನದ್ದು. ಅಳಿಯನ ಕೈಯಲ್ಲಿ ಒಂದು ಪವರ್ ಆಫ್ ಅಟಾರ್ನಿ ಇತ್ತು. ಆದರೆ ಅದನ್ನು ಓದಿ ನೋಡಿದರೆ ಮನೆ ಕಟ್ಟಿಸಲು, ಕರೆಂಟ್ ಕನೆಕ್ಷನ್ ಪಡೆಯಲು, ತೀರ್ವೆ ಕಟ್ಟಲು ಮಾತ್ರ ಅಧಿಕಾರ. ಜಾಗ ಬಿಟ್ಟುಕೊಡುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಇಂಥ ಕಾಗದ ಇದೆ ಎಂದು ಕೇಳಿದ ಕೂಡಲೇ ಎಲ್ಲ ಅಧಿಕಾರವೂ ಇದೆ ಎಂದು ತಿಳಿಯಬಾರದು. ಯಾವ ಯಾವ ಕೆಲಸಕ್ಕೆ ಎಂದು ಅದರಲ್ಲಿ ಬರೆದಿರುತ್ತದೋ ಅಷ್ಟಕ್ಕೇ ಅದು. ಪಾಪ, ಆ ಅಳಿಯ "ನೋಡುವಾ" ಎಂದದ್ದು ಸೊಕ್ಕಿನಿಂದ ಅಲ್ಲ. ಹೌದು ಎನ್ನುವ ಹಕ್ಕು ಅವರಿಗೆ ಇರಲಿಲ್ಲ, ನಲವತ್ತು ಜನರ ಎದುರು ಅದನ್ನು ಹೇಳಿಕೊಳ್ಳಲು ನಾಚಿಕೆ.

ಮೂರನೆಯ ಜಾಗದ ರಶೀದಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇತ್ತು. ಪಾಲಾಗಿರಲಿಲ್ಲ. ಅಂದರೆ ಅದು ದೊಡ್ಡ ಮಗನ ಜಾಗವಲ್ಲ, ಎಲ್ಲ ವಾರಸುದಾರರ ಜಾಗ. ಆ ಮನೆಯಲ್ಲಿ ಉಮ್ಮ ಇದ್ದಾರೆ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳು. ತೀರಿಹೋದವರ ತಂದೆ ತಾಯಿ ಅವರಿಗಿಂತ ಮೊದಲೇ ಹೋಗಿದ್ದರು. ಇಲ್ಲಿ ನಮ್ಮ ಪಾಲಿನ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: ಹೆಂಡತಿಗೆ ಎಂಟರಲ್ಲಿ ಒಂದು, ಉಳಿದದ್ದರಲ್ಲಿ ಗಂಡುಮಗನಿಗೆ ಎರಡು ಪಾಲಾದರೆ ಹೆಣ್ಣುಮಗಳಿಗೆ ಒಂದು. ಜಾಗವನ್ನು ಎಂಟು ಭಾಗ ಮಾಡಿದರೆ ಉಮ್ಮನಿಗೆ ಒಂದು, ಇಬ್ಬರು ಗಂಡುಮಕ್ಕಳಿಗೆ ಎರಡೆರಡು, ಮೂವರು ಹೆಣ್ಣುಮಕ್ಕಳಿಗೆ ಒಂದೊಂದು.

ಈಗ ಕೂಡಿಸಿ ನೋಡಿ. ನಾಲ್ಕು ಸಭೆಗೂ ಬಂದು ಕುಳಿತಿದ್ದ ದೊಡ್ಡ ಮಗನ ಹಕ್ಕು ಎಂಟರಲ್ಲಿ ಎರಡು. ಉಮ್ಮ ಮತ್ತು ಮೂವರು ಹೆಣ್ಣುಮಕ್ಕಳದ್ದು ಸೇರಿದರೆ ಎಂಟರಲ್ಲಿ ನಾಲ್ಕು. ಅರ್ಧ ಜಾಗದ ಒಡೆತನ ಇದ್ದದ್ದು ಯಾವ ಸಭೆಗೂ ಕರೆಯದ ನಾಲ್ವರು ಹೆಂಗಸರ ಕೈಯಲ್ಲಿ. ಪಾಲಾಗದ ಜಾಗದಿಂದ ಒಂದು ತುಂಡನ್ನು ರಸ್ತೆಗೆ ಬಿಡಬೇಕಾದರೆ ಆರು ಜನರೂ ಒಪ್ಪಬೇಕು. ಮನೆಯ ಗಂಡಸು ಬಂದರೆ ಮನೆಯೇ ಬಂದ ಹಾಗೆ ಎಂದು ನಾವು ಇಟ್ಟುಕೊಂಡ ಲೆಕ್ಕ ಕಾಗದದ ಎದುರು ನಿಲ್ಲುವುದಿಲ್ಲ. ಹೆಂಗಸರನ್ನು ಕರೆಯುವುದು ದೊಡ್ಡ ಮನಸ್ಸಿನ ಮಾತು ಎಂದು ನಾನು ಹೇಳುತ್ತಿಲ್ಲ. ಅವರು ಮಾಲೀಕರು, ಅವರಿಲ್ಲದೆ ತೀರ್ಮಾನವೇ ಇಲ್ಲ ಎನ್ನುತ್ತಿದ್ದೇನೆ.

ಪಂಚಾಯತಿನ ಕಡೆಯಿಂದಲೂ ಇದೇ ಪ್ರಶ್ನೆ ಕೇಳಬೇಕು. ಮೆಂಬರ್ ಬಂದರೆ ಪಂಚಾಯತೇ ಬಂದಂತೆ ಎಂದು ನಾವು ತಿಳಿಯುತ್ತೇವೆ. ಜಾಗ ಬಿಟ್ಟುಕೊಟ್ಟದ್ದನ್ನು ಒಪ್ಪಿಕೊಂಡು, ಆ ದಾರಿಯನ್ನು ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಸೇರಿಸಿದರೆ ಮಾತ್ರ ಅದರ ಮೇಲೆ ಪಂಚಾಯತು ಹಣ ಖರ್ಚು ಮಾಡಬಹುದು. ಆ ನಿರ್ಣಯ ಮಾಡುವುದು ಪಂಚಾಯತು ಆಡಳಿತ ಸಮಿತಿ. ಅಲ್ಲಿ ಮೆಂಬರಿಗೆ ಇರುವುದು ಒಂದು ಮತ, ಅಧ್ಯಕ್ಷರಿಗೂ ಒಬ್ಬರೇ ತೀರ್ಮಾನಿಸುವ ಅಧಿಕಾರವಿಲ್ಲ. ಕಾಂಕ್ರೀಟಿಗೆ ಹಣ ಬೇಕಾದರೆ ಗ್ರಾಮಸಭೆಯಿಂದ ವಾರ್ಷಿಕ ಯೋಜನೆಗೆ ಹೋಗಿ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಪಡೆದು ಬರಬೇಕು. ಇಡೀ ಸಮಿತಿಯನ್ನು ನಮ್ಮ ಅಂಗಳಕ್ಕೆ ಕರೆಯಲು ಆಗುವುದಿಲ್ಲ. ಇಲ್ಲಿ ನಿರ್ಧಾರ ಮಾಡುವುದು ಒಬ್ಬ ಮನುಷ್ಯನಲ್ಲ, ಮತ್ತೊಂದು ಸಭೆ. ಹಾಗಿದ್ದಾಗ ನಮ್ಮ ಸಭೆಯಿಂದ ಕೇಳಬೇಕಾದದ್ದು "ಪಂಚಾಯತು ರಸ್ತೆ ಮಾಡಿಕೊಡಲಿ" ಎಂಬುದನ್ನಲ್ಲ. ಆ ಸಮಿತಿಯ ಮುಂದಿನ ಬೈಠಕಿಗೆ ಈ ಅರ್ಜಿಯನ್ನು ಯಾರು, ಯಾವ ಕಾಗದಗಳ ಜೊತೆ, ಯಾವ ದಿನದೊಳಗೆ ಕೊಡುತ್ತಾರೆ ಎಂಬುದನ್ನು. ಆಡಳಿತ ಸಮಿತಿ ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು, ಹಾಗಾಗಿ ದಿನಾಂಕ ಕೇಳುವುದರಲ್ಲಿ ತಪ್ಪೇನಿಲ್ಲ.

ಜಾಗ ಬಿಟ್ಟುಕೊಡುವ ಕಾಗದ ಯಾವ ರೂಪದಲ್ಲಿರಬೇಕು, ಯಾರ ಯಾರ ಸಹಿ ಬೇಕು, ಏನೇನು ಲಗತ್ತಿಸಬೇಕು ಎಂದು ಖಚಿತವಾಗಿ ಹೇಳಬೇಕಾದವರು ಪಂಚಾಯತು ಸೆಕ್ರೆಟರಿ. ಅವರು ಸಭೆಗೆ ಬರಬೇಕಾಗಿಲ್ಲ. ಸಭೆಗೆ ಮೊದಲು ಒಬ್ಬರು ಅವರ ಕಚೇರಿಗೆ ಹೋಗಿ ಕೇಳಿಕೊಂಡು, ನಮೂನೆ ತಂದರೆ ಸಾಕು. ನಮ್ಮಲ್ಲಿ ನೆರೆಯವರೇ ಹೋಗಿ ತಂದರು. ನಮೂನೆ ಮಲಯಾಳದಲ್ಲಿತ್ತು.

ಐದನೆಯ ಸಭೆಗೆ ದಿನ ಇಡುವ ಮೊದಲು ಮೂರು ಕೆಲಸ ಆದವು. ಮೊದಲನೆಯದಾಗಿ ನೆರೆಯವರೂ ಅವರ ಹೆಂಡತಿಯೂ ಮೂರನೆಯ ಜಾಗದ ಉಮ್ಮನ ಮನೆಗೆ ಹೋಗಿ ಕುಳಿತು ಮಾತಾಡಿದರು. ಉಮ್ಮನ ಮನಸ್ಸಿನಲ್ಲಿ ಏನಿತ್ತೆಂದು ಆಗ ತಿಳಿಯಿತು. ಅವರಿಗೆ ಜಾಗದ ಆಸೆ ಇರಲಿಲ್ಲ. ದಾರಿ ಅಗಲ ಮಾಡಲು ಅವರ ಕಡೆಯ ದರೆ ಕಡಿಯಬೇಕು. ಕಡಿದರೆ ಮೇಲೆಯೇ ಅವರ ಬಚ್ಚಲುಮನೆ ಇದೆ. "ದಾರಿಗೆ ಬಿಡುತ್ತೇನೆ. ಆದರೆ ಮಳೆಗೆ ದರೆ ಜರಿದು ಬಚ್ಚಲು ಕೆಳಗೆ ಬಂದರೆ ಯಾರು ಕಟ್ಟಿಸಿಕೊಡುತ್ತೀರಿ?" ಎಂಬುದು ಅವರ ಪ್ರಶ್ನೆ. ಮಗ ಸಹಿ ಹಾಕದೆ ಇದ್ದದ್ದು ಇದಕ್ಕೇ. ತಾಯಿಯ ಹೆದರಿಕೆಯನ್ನು ಸಭೆಯಲ್ಲಿ ಹೇಳಿದರೆ ನೆಪ ಎನ್ನುತ್ತಾರೆ ಎಂದು ಸುಮ್ಮನಿದ್ದರು. ನಿರ್ಧಾರ ಮಾಡುವವರನ್ನು ಬಿಟ್ಟು ಸಭೆ ನಡೆಸಿದರೆ ಅವರ ಒಪ್ಪಿಗೆ ಮಾತ್ರವಲ್ಲ, ಅವರ ನಿಜವಾದ ತಕರಾರೂ ಹೊರಗೇ ಉಳಿಯುತ್ತದೆ. ನಾವು 14 ತಿಂಗಳು ಇಲ್ಲದ ತಕರಾರಿಗೆ ಉತ್ತರ ಹುಡುಕುತ್ತಿದ್ದೆವು.

ಉಮ್ಮನ ಪ್ರಶ್ನೆಯಿಂದ ಕರೆಯಬೇಕಾದವರ ಪಟ್ಟಿಯೂ ಬದಲಾಯಿತು. ದರೆಗೆ ಕಲ್ಲಿನ ತಡೆಗೋಡೆ ಕಟ್ಟಬೇಕೇ, ಎಷ್ಟು ಎತ್ತರ, ಎಷ್ಟು ಉದ್ದ ಎಂದು ಹೇಳಬಲ್ಲವರು ಬೇಕು. ಅದು ಕ್ಲಬ್ಬಿನ ಹುಡುಗರ ಕೆಲಸವಲ್ಲ. ಪಂಚಾಯತಿನ ಇಂಜಿನಿಯರಿಂಗ್ ವಿಭಾಗದ ಓವರ್‌ಸಿಯರ್ ಸಭೆಗೆ ಎರಡು ದಿನ ಮೊದಲು ಬಂದು ಅಳತೆ ಮಾಡಿ ಹೋದರು. ಬಚ್ಚಲಿನ ಕೆಳಗೆ 11 ಮೀಟರ್ ಗೋಡೆ ಬೇಕು, ಉಳಿದ ಕಡೆ ಮುರಕಲ್ಲು ಗಟ್ಟಿಯಿದೆ, ಬೇಡ ಎಂದರು.

ಎರಡನೆಯದಾಗಿ, ದುಬೈಯ ಮಾಲೀಕರಿಗೆ ಫೋನು ಮಾಡಿದ್ದು. ಅವರಿಗೆ ಈ ವಿಷಯ ಅರ್ಧಂಬರ್ಧ ತಿಳಿದಿತ್ತು, ಯಾರೂ ನೇರವಾಗಿ ಕೇಳಿರಲಿಲ್ಲ. ಅವರ ಷರತ್ತು ಒಂದೇ: ಕಾಂಪೌಂಡು ಗೋಡೆ ಕೆಡವುವ ಮೊದಲು ಹೊಸದರ ಖರ್ಚಿಗೆ ದಾರಿಯಾಗಬೇಕು. ಅದಕ್ಕೆ ಉತ್ತರ ಕೊಡಬೇಕಾದವರು ಪಂಚಾಯತಿನವರಲ್ಲ, ಮೇಲಿನ 23 ಮನೆಯವರು. ಹಾಗಾಗಿ ಪ್ರತಿ ಮನೆಯಿಂದ ಹಣದ ಬಗ್ಗೆ ಮಾತು ಕೊಡಬಲ್ಲ ಒಬ್ಬರು ಬರಲೇಬೇಕೆಂದು ಹೇಳಿ ಕಳುಹಿಸಿದರು. ಮಾಲೀಕರು ಊರಿಗೆ ಬರುವವರೆಗೆ ಕಾಯುವುದಾದರೆ ಇನ್ನೂ ಏಳು ತಿಂಗಳು. ಅದಕ್ಕೆ ಜಾಗ ಬಿಟ್ಟುಕೊಡುವ ಕೆಲಸಕ್ಕೇ ಎಂದು ಸ್ಪಷ್ಟವಾಗಿ ಬರೆದ ಬೇರೆ ಪವರ್ ಆಫ್ ಅಟಾರ್ನಿ ಮಾಡಿಸಲು ಅವರು ಒಪ್ಪಿದರು. ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳುಹಿಸಬೇಕು. ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು, ಇದನ್ನು ಅನೇಕರು ಮರೆಯುತ್ತಾರೆ.

ಮೂರನೆಯದಾಗಿ, ಇವರೆಲ್ಲರಿಗೂ ಹೊಂದುವ ದಿನ ಹುಡುಕಿದ್ದು. ಹೆಣ್ಣುಮಕ್ಕಳಲ್ಲಿ ಇಬ್ಬರು ಭಾನುವಾರ ಮಾತ್ರ ತವರಿಗೆ ಬರಬಲ್ಲರು. ದುಬೈಯಲ್ಲಿ ಈಗ ಶನಿವಾರ, ಭಾನುವಾರ ರಜೆ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಾಲೀಕರು ಸೌದಿಯಲ್ಲಿ ಇದ್ದಿದ್ದರೆ ಭಾನುವಾರ ಅವರಿಗೆ ಕೆಲಸದ ದಿನ, ಲೆಕ್ಕ ಬೇರೆಯಾಗುತ್ತಿತ್ತು. ಕೊನೆಗೆ ಭಾನುವಾರ ಸಂಜೆ ನಾಲ್ಕೂವರೆ ಎಂದಾಯಿತು. ಜಾಗ ಉಮ್ಮನ ಮನೆಯ ಅಂಗಳ, ಯಾಕೆಂದರೆ ಅವರಿಗೆ ಮೊಣಕಾಲು ನೋವು.

ಆ ಸಭೆ ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಯಿತು. ಉಮ್ಮನ ಮೊಮ್ಮಗಳು ಮಲಯಾಳದ ನಮೂನೆಯನ್ನು ಗಟ್ಟಿಯಾಗಿ ಓದಿ, ಪ್ರತಿ ಸಾಲನ್ನೂ ಬ್ಯಾರಿಯಲ್ಲಿ ಹೇಳಿದಳು. ಓದಿ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಅದು ನಾಳೆ ಜಗಳಕ್ಕೆ ಬೀಜ. ನಡಾವಳಿಯಲ್ಲಿ ನಾನು ಬರೆದದ್ದು ಐದೇ ಸಾಲು. ಬಚ್ಚಲಿನ ಕೆಳಗೆ ತಡೆಗೋಡೆ ಮೊದಲು, ದಾರಿ ಆಮೇಲೆ. ಗೋಡೆಗಳ ಖರ್ಚಿಗೆ ಪ್ರತಿ ಮನೆಯಿಂದ ಇಷ್ಟು, ಇಂಥ ದಿನದೊಳಗೆ. ಮೊದಲ ಜಾಗದವರದ್ದೂ ಉಮ್ಮ, ಇಬ್ಬರು ಗಂಡುಮಕ್ಕಳು ಮತ್ತು ಬಂದಿದ್ದ ಇಬ್ಬರು ಹೆಣ್ಣುಮಕ್ಕಳದ್ದೂ ಸಹಿ ಆಯಿತು, ಉಳ್ಳಾಲದಲ್ಲಿರುವ ಮೂರನೆಯ ಮಗಳ ಸಹಿಯನ್ನು ತಮ್ಮ ತರುತ್ತಾನೆ. ದುಬೈಯ ಕಾಗದ ಬರುವ ಹೊಣೆ ಅಳಿಯನದ್ದು. ಎಲ್ಲ ಸೇರಿದ ಮೇಲೆ ಅರ್ಜಿಯನ್ನು ಸಮಿತಿಯ ಮುಂದಿಡಿಸುವ ಹೊಣೆ ಮೆಂಬರದ್ದು.

ಉಳ್ಳಾಲದ ಸಹಿ ಬರಲು ಮೂರು ವಾರ ಹಿಡಿಯಿತು. ದುಬೈಯ ಕಾಗದಕ್ಕೆ ಎರಡು ತಿಂಗಳು. ಮಣ್ಣಿನ ದಾರಿಯಾಗಿ ಆಟೋ ಮೇಲೆ ಹೋಗಲು ಆರು ತಿಂಗಳು ಬೇಕಾಯಿತು, ಕಾಂಕ್ರೀಟ್ ಮುಂದಿನ ವರ್ಷದ ಯೋಜನೆಗೆ ಸೇರಿತು. ಕುರ್ಚಿಯಲ್ಲಿ ಹೊರುವುದು ಮಾತ್ರ ನಿಂತಿತು.

ಇದಕ್ಕೆ ಕೆಲವರು ಹೇಳುವ ಮಾತು ನನಗೆ ಗೊತ್ತಿದೆ. "ಹಿರಿಯರನ್ನು, ಮುಖಂಡರನ್ನು ಕರೆಯದೆ ಸಭೆ ಮಾಡಲು ಆಗುತ್ತದೆಯೇ?" ಕರೆಯಬೇಡಿ ಎಂದು ಯಾರು ಹೇಳಿದರು? ಮರ್ಯಾದೆಗೆ ಕರೆಯುವುದು ಬೇರೆ, ನಿರ್ಧಾರಕ್ಕೆ ಕರೆಯುವುದು ಬೇರೆ. ಮರ್ಯಾದೆಗೆ ಕರೆದವರು ಬಾರದಿದ್ದರೂ ಸಭೆ ನಡೆಸಬಹುದು. ನಿರ್ಧಾರಕ್ಕೆ ಕರೆದವರು ಬಾರದಿದ್ದರೆ, ಕುರ್ಚಿ ಹಾಕಿ ಆಗಿದ್ದರೂ ಸಭೆಯನ್ನು ಮುಂದೂಡಬೇಕು. ನಾವು ಮಾಡುವುದು ಇದಕ್ಕೆ ತಿರುಗಮುರುಗ: ಮುಖಂಡರು ಬಾರದಿದ್ದರೆ ಮುಂದೂಡುತ್ತೇವೆ, ಮಾಲೀಕರು ಬಾರದಿದ್ದರೆ "ಪರವಾಗಿಲ್ಲ, ಶುರು ಮಾಡುವಾ" ಎನ್ನುತ್ತೇವೆ.

ಇನ್ನೊಂದು ಮಾತೂ ಇದೆ: ಎಲ್ಲರ ಎದುರು ಮಾಲೀಕರನ್ನು ಕೂರಿಸಿದರೆ ನಾಚಿಕೆಗೆ ಬಿದ್ದು ಒಪ್ಪುತ್ತಾರೆ. ಇದು ಸರಿಯಲ್ಲ. ಹಾಗೆ ಒಪ್ಪಿದವರು ಮನೆಗೆ ಹೋಗಿ ಬದಲಾಗುತ್ತಾರೆ, ಬದಲಾಗದಿದ್ದರೂ ಮನಸ್ಸಿನಲ್ಲಿ ಕಹಿ ಉಳಿಯುತ್ತದೆ. ಅದಕ್ಕೇ ಮೊದಲು ಮನೆಗೆ ಹೋಗಬೇಕು, ಸಭೆ ಆಮೇಲೆ. ಅಲ್ಲ ಎನ್ನುವ ಹಕ್ಕೂ ಮಾಲೀಕರದ್ದೇ. ಬೇಗನೆ ಸಿಕ್ಕಿದ ಸ್ಪಷ್ಟವಾದ "ಇಲ್ಲ" ಕೂಡ ತೀರ್ಮಾನವೇ, ಬೇರೆ ದಾರಿ ಹುಡುಕಲು ಸಮಯ ಉಳಿಯುತ್ತದೆ.

ಈ ಕ್ರಮ ಎಲ್ಲ ಕಡೆಯೂ ಕೆಲಸ ಮಾಡುವುದಿಲ್ಲ. ವಾರಸುದಾರರಲ್ಲಿ ಒಬ್ಬರು 18 ವರ್ಷದ ಒಳಗಿನವರಾಗಿದ್ದರೆ ಅವರ ಪಾಲನ್ನು ಮನೆಯವರು ಯಾರೂ ಸುಮ್ಮನೆ ಬಿಟ್ಟುಕೊಡುವ ಹಾಗಿಲ್ಲ, ನ್ಯಾಯಾಲಯದ ದಾರಿ ಹಿಡಿಯಬೇಕು. ಜಾಗದ ಆಧಾರ ಸಾಲಕ್ಕಾಗಿ ಬ್ಯಾಂಕಿನಲ್ಲಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಇಂಥ ಕಡೆ ಎಷ್ಟು ಸಭೆ ಮಾಡಿದರೂ ಅಂಗಳದಲ್ಲಿ ತೀರ್ಮಾನ ಆಗುವುದಿಲ್ಲ. ಅದು ಮೊದಲೇ ಗೊತ್ತಾದರೆ ಸಭೆಯ ಬದಲು ವಕೀಲರ ಬಳಿಗೋ ಬ್ಯಾಂಕಿಗೋ ಹೋಗಬಹುದು. ರಶೀದಿ ಮತ್ತು ಆಧಾರ ನೋಡಿದರೆ ಇದೂ ತಿಳಿಯುತ್ತದೆ.

ಹಾಗಾಗಿ ಮುಂದಿನ ಸಲ ನಿಮ್ಮ ವಾರ್ಡಿನ ಗುಂಪಿನಲ್ಲಿ "ಭಾನುವಾರ ಸಭೆ, ಎಲ್ಲರೂ ಬನ್ನಿ" ಎಂದು ಬಂದಾಗ ಎರಡು ಸಾಲು ಕೇಳಿ. ಈ ಸಭೆಯಲ್ಲಿ ಯಾವ ಕಾಗದಕ್ಕೆ ಸಹಿ ಬೀಳಬೇಕು? ಆ ಸಹಿ ಹಾಕುವವರು ಬರುತ್ತೇನೆ ಎಂದಿದ್ದಾರೆಯೇ? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಕುರ್ಚಿಯವರಿಗೆ ಫೋನು ಮಾಡಬೇಡಿ, ಅವರ ಮನೆಗೆ ಹೋಗಿ.